ಹೊಡೆದ ತಕ್ಷಣ ಸಾಯಲೇಬೇಕೆ?

ಯಶವಂತಪುರದ ಅಂಗಡಿಯಲ್ಲಿ ಜಿರಳೆ ಔಷಧಿ ಕೇಳಿದರೆ ಸಿಗುವ ಭರವಸೆ ಒಂದೇ: "ಹೊಡೆದ ತಕ್ಷಣ ಬೀಳ್ತವೆ ಸಾರ್." ಕೊಳ್ಳುವವರಿಗೆ ಬೇಕಾದ್ದೂ ಅದೇ. ಈ 'ತಕ್ಷಣ' ಎಂಬ ಅಳತೆಯೇ ತಪ್ಪು ಎನ್ನುವುದು ನನ್ನ ವಾದ. ಜಿರಳೆ, ಗೆದ್ದಲು ಎರಡೂ ಮರೆಯಲ್ಲಿ ಗುಂಪಾಗಿ ಬದುಕುವಂಥವು. ಕಣ್ಣಿಗೆ ಬಿದ್ದದ್ದನ್ನು ಕೊಲ್ಲುವ ವಿಷಕ್ಕಿಂತ ಕಾಣದ ಜಾಗಕ್ಕೆ ತಲುಪುವ ವಿಷ ಹೆಚ್ಚು ಕೆಲಸ ಮಾಡುತ್ತದೆ. ಊಟದ ಪದಾರ್ಥ ಇರುವಲ್ಲಿ ಅಪಾಯ ಕಡಿಮೆ ಇರುವುದೂ ಅದರಲ್ಲೇ.

ಸ್ಪ್ರೇ ಡಬ್ಬದ ಸಣ್ಣಕ್ಷರ ಓದಿದರೆ ಸಾಮಾನ್ಯವಾಗಿ ಇಮಿಪ್ರೋತ್ರಿನ್, ಸೈಪರ್‌ಮೆತ್ರಿನ್ ಎಂಬ ಹೆಸರುಗಳು ಸಿಗುತ್ತವೆ. ಇವು ನರಗಳ ಮೇಲೆ ಎರಗಿ ಜಿರಳೆಯನ್ನು ನಿಂತಲ್ಲೇ ಕೆಡವುತ್ತವೆ. ಆದರೆ ತಾಗದೆ ಉಳಿದವು ಆ ಜಾಗ ಬಿಟ್ಟು ಚದುರುತ್ತವೆ. ಆರ್.ಟಿ. ನಗರದ ಹಳೆಯ ಬಾಡಿಗೆ ಮನೆಯೊಂದನ್ನು ಊಹಿಸಿಕೊಳ್ಳಿ: ಸಿಂಕಿನ ಕೆಳಗೆ ಚೆನ್ನಾಗಿ ಹೊಡೆದಿದ್ದಾರೆ, ವಾರದ ನಂತರ ಫ್ರಿಜ್ಜಿನ ಹಿಂದೆ, ಟಿವಿಯ ಹಿಂದೆ ಹೊಸದಾಗಿ ಕಾಣಿಸುತ್ತವೆ. ಕುತ್ತಿಗೆಯ ಹಿಂದೆ ಎರಡು ಕಪ್ಪು ಗೆರೆ ಇರುವ, ತಿಳಿಕಂದು ಬಣ್ಣದ ಸಣ್ಣ ಜಿರಳೆ ಇದು. ಇದರ ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಚೀಲವನ್ನು ಒಡೆಯುವ ಹೊತ್ತಿನವರೆಗೂ ಹೊತ್ತುಕೊಂಡೇ ಇರುತ್ತದೆ. ಆ ಚೀಲದೊಳಕ್ಕೆ ಸ್ಪ್ರೇ ಇಳಿಯುವುದಿಲ್ಲ. ಆದರೆ ಸ್ಪ್ರೇಯ ಹನಿಗಳು ಒಲೆಕಟ್ಟೆ, ತಟ್ಟೆ, ಮುಚ್ಚಳ ತೆರೆದ ಡಬ್ಬಿಗಳ ಮೇಲೆಲ್ಲ ಕೂರುತ್ತವೆ.

ಅದೇ ಅಡುಗೆಮನೆಗೆ ಸಿರಿಂಜಿನಲ್ಲಿ ಬರುವ ಫಿಪ್ರೊನಿಲ್ 0.05% ಜೆಲ್ ತನ್ನಿ. ಹತ್ತು ಗ್ರಾಂ ಜೆಲ್ಲಿನಲ್ಲಿ ಇರುವ ವಿಷ ಐದು ಮಿಲಿಗ್ರಾಂ ಮಾತ್ರ, ಮಿಕ್ಕಿದ್ದೆಲ್ಲ ಜಿರಳೆಗೆ ರುಚಿಸುವ ಆಹಾರ. ಕಪಾಟಿನ ಬಾಗಿಲ ಕೀಲಿನ ಸಂದು, ಸಿಂಕಿನ ಕೆಳಗಿನ ಮೂಲೆ, ಫ್ರಿಜ್ಜಿನ ಮೋಟಾರಿನ ಪಕ್ಕ, ಹೀಗೆ ಕಪ್ಪು ಹಿಕ್ಕೆಯ ಚುಕ್ಕೆ ಕಂಡಲ್ಲೆಲ್ಲ ಸಾಸಿವೆಗಿಂತ ತುಸು ದೊಡ್ಡ ಹನಿ ಇಡಿ. ದೊಡ್ಡ ಮುದ್ದೆ ಒಂದು ಕಡೆ ಇಡುವುದಕ್ಕಿಂತ ಸಣ್ಣ ಹನಿ ಹಲವು ಕಡೆ ಇಡುವುದು ಲೇಸು. ತಿಂದ ಜಿರಳೆ ಕೂಡಲೇ ಸಾಯುವುದಿಲ್ಲ, ಗೂಡಿಗೆ ಮರಳುತ್ತದೆ. ಹೊರಗೆ ಬಾರದ ಮರಿಗಳು ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದು ಸಾಯುತ್ತವೆ. ನಿಧಾನವೇ ಇಲ್ಲಿ ಔಷಧಿಯ ಗುಣ. ಉಳಿದ ಮೊಟ್ಟೆ ಒಡೆಯುವುದರಿಂದ ಕೆಲವು ವಾರ ಬಿಟ್ಟು ಇನ್ನೊಮ್ಮೆ ಇಡಬೇಕು. ಜೆಲ್ ಇಟ್ಟ ಮೇಲೆ ಹತ್ತಿರ ಸ್ಪ್ರೇ ಹೊಡೆದರೆ ಜಿರಳೆ ಜೆಲ್ ಕಡೆ ಸುಳಿಯುವುದೇ ಇಲ್ಲ. "ಜೆಲ್ ಕೆಲಸ ಮಾಡಲಿಲ್ಲ" ಎನ್ನುವ ಎಷ್ಟೋ ಮನೆಗಳಲ್ಲಿ ನಡೆದಿರುವುದು ಇದೇ. ರಾತ್ರಿ ಎಂಜಲು ಪಾತ್ರೆ ಹಾಗೇ ಬಿಟ್ಟರೂ ಅಷ್ಟೇ, ಜೆಲ್ಲಿಗಿಂತ ರುಚಿಯಾದದ್ದು ಅಲ್ಲಿರುತ್ತದೆ. ಪ್ರಮಾಣ ಕಡಿಮೆಯಿದ್ದರೂ ಇದು ವಿಷವೇ. ಮಕ್ಕಳ, ಬೆಕ್ಕಿನ ಕೈಗೆಟುಕುವಲ್ಲಿ ಇಡಬಾರದು.

ಸ್ಪ್ರೇ ಪರವಾಗಿ ಒಂದು ಗಟ್ಟಿ ವಾದವಿದೆ. ಬಚ್ಚಲಿನ ಜಾಲರಿಯಿಂದ ಏರಿಬರುವ ಕೆಂಗಂದು ಬಣ್ಣದ ದೊಡ್ಡ ಜಿರಳೆ ಮೋರಿಯಲ್ಲಿ ವಾಸಿಸುವಂಥದ್ದು. ಅದರ ಗೂಡು ನಮ್ಮ ಕಪಾಟಿನಲ್ಲಿಲ್ಲ. ಅಲ್ಲಿ ಜೆಲ್ಲಿಗಿಂತ ಜಾಲರಿ ಭದ್ರಪಡಿಸಿ, ಹೊರಗಿನ ಚೇಂಬರಿಗೆ ಸ್ಪ್ರೇ ಹೊಡೆಯುವುದು ಸರಿ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪ್ಲಗ್ಗಿಗೆ ಸಿಕ್ಕಿಸುವ ಶಬ್ದತರಂಗದ ಯಂತ್ರ ಮಾತ್ರ ದುಡ್ಡಿಗೆ ದಂಡ. ವಾಸನೆ ಜೋರಿದ್ದರೆ ಔಷಧಿ ಜೋರು ಎಂದು ಡೈಕ್ಲೋರ್‌ವಾಸ್ ಹುಡುಕುವವರಿಗೆ, ನಮ್ಮ ದೇಶ ಅದನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ ಎಂದಷ್ಟೇ ಹೇಳಬೇಕು.

ಗೆದ್ದಲಿಗೂ ಇದೇ ನ್ಯಾಯ. ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡೊಡನೆ ಘಾಟು ವಾಸನೆಯ ಕ್ಲೋರ್‌ಪೈರಿಫಾಸ್ ಸುರಿಯುತ್ತಾರೆ. ಅಮೆರಿಕ ಇದರ ಬಹುತೇಕ ಮನೆಬಳಕೆಯನ್ನು ನಿಲ್ಲಿಸಲು 2000ದಲ್ಲೇ ತೀರ್ಮಾನಿಸಿತು. ಅದನ್ನು ಸುರಿದರೆ ಮರದ ಮೇಲಿನ ಗೆದ್ದಲು ಸಾಯುತ್ತವೆ, ಮಣ್ಣಿನೊಳಗಿನ ಗೂಡು ಉಳಿಯುತ್ತದೆ, ಗೆರೆ ಇನ್ನೊಂದು ಚೌಕಟ್ಟಿನಲ್ಲಿ ಏಳುತ್ತದೆ. ಇಮಿಡಾಕ್ಲೋಪ್ರಿಡ್ 30.5% ದ್ರಾವಣಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ವಿಷವಿದೆಯೆಂದು ಗೆದ್ದಲಿಗೆ ತಿಳಿಯುವುದಿಲ್ಲ. ಅದರಲ್ಲೇ ಓಡಾಡಿ ಮೈಗೆ ಹತ್ತಿಸಿಕೊಂಡು ಜೊತೆಯವಕ್ಕೂ ಹಂಚುತ್ತದೆ. ಲೀಟರ್ ನೀರಿಗೆ ಸುಮಾರು 2 ಮಿಲಿ ಬೆರೆಸಿ, ಗೋಡೆ ನೆಲ ಸೇರುವಲ್ಲಿ ಅಡಿಗೊಂದು ರಂಧ್ರ ಕೊರೆದು, ಒಂದೊಂದಕ್ಕೆ ಲೀಟರಿನಷ್ಟು ಇಳಿಸುತ್ತಾರೆ.

ಇಲ್ಲಿ ನನಗೆ ನಿಜವಾದ ಭಯವಿರುವುದು ಒಂದೇ ವಿಷಯದಲ್ಲಿ. ಯಲಹಂಕ, ಹೆಬ್ಬಾಳದ ಮನೆಗಳಲ್ಲಿ ಕುಡಿಯುವ ನೀರಿನ ಸಂಪು ನೆಲದಡಿಯಲ್ಲೇ, ಬಹಳ ಸಲ ಅದೇ ಗೋಡೆಯ ಬುಡದಲ್ಲಿ ಇರುತ್ತದೆ. ಸಂಪಿನ ಗೋಡೆಯಲ್ಲಿ ಬಿರುಕಿದ್ದರೆ ಇಳಿಸಿದ ದ್ರಾವಣ ನೀರಿಗೇ ಸೇರಬಹುದು. ಡ್ರಿಲ್ ಹಿಡಿದು ಬಂದ ಹುಡುಗನಿಗೆ ಸಂಪು, ಬೋರ್‌ವೆಲ್ ಎಲ್ಲಿವೆ ಎಂದು ಮೊದಲು ತೋರಿಸಿ, ಅವುಗಳ ಪಕ್ಕ ಕೊರೆಯಬೇಡವೆನ್ನಿ. ಯಾವ ರಾಸಾಯನಿಕ, ಎಷ್ಟು ಪ್ರಮಾಣ ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದವರನ್ನು ಬಾಗಿಲಿಂದಲೇ ವಾಪಸು ಕಳಿಸಿ.