‘ಸರ್ವರಿಗೂ ಸ್ವಾಗತ’ ಅಂದ ಮೇಲೆ ಬಾಗಿಲಿಗೆ ಬಂದವರನ್ನು ಏನು ಮಾಡೋದು?

ನಮ್ಮಲ್ಲಿ ‘ಮುಂಚಿತವಾಗಿ ನೋಂದಾಯಿಸಿದವರಿಗೆ ಮಾತ್ರ’ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಹಾಕಿದರೂ ಕಾರ್ಯಕ್ರಮದ ದಿನ ಬೆಳಿಗ್ಗೆ ಹೆಸರು ಕೊಡದೇ ಇದ್ದವರು ಬಂದೇ ಬರ್ತಾರೆ. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಆಮಂತ್ರಣದ ಕೆಳಗೆ ಅಭ್ಯಾಸಬಲದಿಂದ ‘ಸರ್ವರಿಗೂ ಆದರದ ಸ್ವಾಗತ’ ಅಂತ ಅಚ್ಚಾಗಿರುತ್ತೆ. ಪೇಪರಿನವರು ‘ಇಂದಿನ ಕಾರ್ಯಕ್ರಮ’ದಲ್ಲಿ ಸ್ಥಳ, ಸಮಯ ಹಾಕಿ ನೋಂದಣಿಯ ಸಾಲನ್ನು ಜಾಗ ಸಾಲದೆ ಕತ್ತರಿಸಿರ್ತಾರೆ. ಅದನ್ನು ಓದಿ ಎರಡು ಬಸ್ಸು ಬದಲಿಸಿ ಬಂದವರಿಗೆ ‘ಮೇಲ್ ಮಾಡಿರಲಿಲ್ವಾ?’ ಅಂತ ಕೇಳೋದು ನ್ಯಾಯ ಅನ್ನಿಸಲ್ಲ.

ಇಂಥಾ ಹೊತ್ತಲ್ಲಿ ಸಂಘಟಕರು ಎರಡರಲ್ಲಿ ಒಂದು ಮಾಡ್ತಾರೆ. ಒಂದೋ ಎಲ್ಲರನ್ನೂ ವಾಪಸ್ ಕಳಿಸ್ತಾರೆ, ಒಳಗೆ ಖಾಲಿ ಕುರ್ಚಿಗಳು ನಗ್ತಾ ಇರ್ತವೆ. ಇಲ್ಲಾ ಎಲ್ಲರನ್ನೂ ಒಳಗೆ ಬಿಡ್ತಾರೆ, ತಿಂಗಳ ಮುಂಚೆ ದುಡ್ಡು ಕಟ್ಟಿದವರು ಮಧ್ಯಾಹ್ನ ಖಾಲಿ ಪಾತ್ರೆ ನೋಡ್ತಾರೆ. ನನ್ನ ಪ್ರಕಾರ ಎರಡೂ ತಪ್ಪು. ನಿಯಮ ಒಂದೇ ಸಾಕು: ಮೊದಲೇ ಹೆಸರು ಕೊಟ್ಟವರಿಗೆ ಏನೂ ಕಡಿಮೆಯಾಗಬಾರದು, ಸ್ಥಳದಲ್ಲೇ ಬಂದವರಿಗೆ ಏನು ಸಿಗುತ್ತೆ ಏನು ಸಿಗಲ್ಲ ಅನ್ನೋದು ದುಡ್ಡು ಕೊಡೋ ಮುಂಚೆಯೇ ಗೊತ್ತಿರಬೇಕು.

ನಾನು ನೋಂದಣಿ ಮೇಜಿನಲ್ಲಿ ಕೂತಿದ್ದ ಒಂದು ತಾರಸಿ ತೋಟದ ಕಾರ್ಯಾಗಾರದ ಲೆಕ್ಕವನ್ನೇ ಹೇಳ್ತೀನಿ. ಕುರ್ಚಿ 115. ಗಿಡದ ಚೀಲ, ತೆಂಗಿನ ನಾರಿನ ಪುಡಿ, ಬೀಜ ಸೇರಿಸಿದ ಕಿಟ್ 100. ಊಟಕ್ಕೆ ಹೇಳಿದ್ದೂ 100. ಹೆಸರು ಕೊಟ್ಟವರು 96. ಶುಲ್ಕ ತಲಾ 200 ರೂಪಾಯಿ. ಒಂಬತ್ತೂವರೆ ಹೊತ್ತಿಗೆ ಹೆಸರಿಲ್ಲದವರೇ 27 ಜನ ನಿಂತಿದ್ದರು!

ಮೊದಲ ಕೆಲಸ, ಅವರಿಗೆ ಬೇರೆ ಮೇಜು. ಇದು ಮರ್ಯಾದೆಯ ಪ್ರಶ್ನೆ ಅಲ್ಲ, ಬರೀ ಗಣಿತ. ಪಟ್ಟಿಯಲ್ಲಿ ಹೆಸರಿದ್ದವರನ್ನು ಹುಡುಕಿ ಗುರುತು ಹಾಕೋಕೆ ಕಾಲು ನಿಮಿಷ ಸಾಕು. ಹೊಸಬರ ಹೆಸರು, ಫೋನ್ ಬರೆದುಕೊಂಡು, ದುಡ್ಡು ತಗೊಂಡು, ಚಿಲ್ಲರೆ ಕೊಟ್ಟು, ರಸೀದಿ ಹರಿಯೋಕೆ ಎರಡು ನಿಮಿಷ ಬೇಕು. ಒಂದೇ ಸಾಲಲ್ಲಿ 27 ಜನ ಹೊಸಬರು ಸೇರಿಕೊಂಡರೆ ಅವರೊಬ್ಬರಿಂದಲೇ 54 ನಿಮಿಷ. ಹಿಂದೆ ನಿಂತವರು ಸರಿಯಾಗಿ ಹೆಸರು ಕೊಟ್ಟವರೇ ಆದರೂ ಉದ್ಘಾಟನೆ ತಪ್ಪಿಸ್ಕೋತಾರೆ. ಹೊಸ ಮೇಜು ಬಾಗಿಲಿನಿಂದ ಸ್ವಲ್ಪ ದೂರವೇ ಇರಲಿ, ಎರಡು ಸಾಲು ಬೆರೆಯಲ್ಲ.

ಆ ಕಾಲು ನಿಮಿಷ ಕೂಡ ಪಟ್ಟಿ ಸರಿಯಿದ್ದರೆ ಮಾತ್ರ. ನಮ್ಮ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಗೊಂದಲವೇ ಜಾಸ್ತಿ. ಇನಿಶಿಯಲ್ ಮುಂದೆ ಬರೆದವರು ಒಂದು ಕಡೆ, ಹಿಂದೆ ಬರೆದವರು ಇನ್ನೊಂದು ಕಡೆ, ಒಂದೇ ಲಕ್ಷ್ಮಿಗೆ ಇಂಗ್ಲಿಷಿನಲ್ಲಿ ಎರಡು ಮೂರು ಸ್ಪೆಲಿಂಗು. ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿಯ ಮೇಲೆ ಜೋಡಿಸಿ ನೋಡಿ. ಎಕ್ಸೆಲ್‌ನಲ್ಲಿ ನಂಬರು B ಕಾಲಂನಲ್ಲಿದ್ದರೆ ಪಕ್ಕದಲ್ಲಿ ಇದನ್ನು ಹಾಕಿ, ಆ ಕಾಲಂ ಪ್ರಕಾರ ಸಾರ್ಟ್ ಮಾಡಿದರೆ ಆಯ್ತು:

```
=RIGHT(B2,4)
```

‘ಕೊನೆ ನಾಲ್ಕು ನಂಬರ್ ಹೇಳಿ ಸಾರ್’ ಅಂದರೆ ಮುಗೀತು. ಒಂದೇ ಅಂಕಿಯವರು ಇಬ್ಬರು ಸಿಕ್ಕರೆ ಆಗ ಹೆಸರು ಕೇಳಿದರಾಯಿತು.

ಎರಡನೇ ಕೆಲಸ, ಬಂದ ಕ್ರಮದಲ್ಲಿ ನಂಬರ್ ಹಾಕಿದ ಟೋಕನ್ ಕೊಡೋದು. ದುಡ್ಡು ಆಗಲೇ ತಗೊಳ್ಳಬಾರದು. ನೋಂದಾಯಿಸಿದವರಿಗೆ ‘ನಿಮ್ಮ ಜಾಗ ಹತ್ತು ಗಂಟೆವರೆಗೆ ಕಾದಿರಿಸಿರುತ್ತೇವೆ’ ಅಂತ ಮೊದಲೇ ತಿಳಿಸಿತ್ತು. ಹತ್ತಕ್ಕೆ ಎಣಿಸಿದರೆ 96ರಲ್ಲಿ ಬಂದವರು 81. ನೂರು ಕಿಟ್‌ನಲ್ಲಿ ಉಳಿದದ್ದು 19. ಹಾಗಂತ ಹತ್ತೊಂಬತ್ತನ್ನೂ ಹಂಚಿಬಿಡಬಾರದು, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡವರು ಇದ್ದೇ ಇರ್ತಾರೆ. ನಾಲ್ಕನ್ನು ಪಕ್ಕಕ್ಕಿಟ್ಟು ಟೋಕನ್ 1ರಿಂದ 15ರವರೆಗಿನವರಿಗೆ ಪೂರ್ತಿ ಶುಲ್ಕ ತಗೊಂಡು ಕೊಟ್ಟಾಯ್ತು. ಉಳಿದ 12 ಜನಕ್ಕೆ ‘ಕುರ್ಚಿ ಇದೆ, ಅನ್ನ ಸಾರಿನ ಊಟ ಇದೆ, ಕಿಟ್ ಇಲ್ಲ, 75 ರೂಪಾಯಿ, ಇಷ್ಟ ಇದ್ದರೆ ಬನ್ನಿ’ ಅಂತ ಮುಖಕ್ಕೇ ಹೇಳಿದ್ದು. ಎಲ್ಲರೂ ಒಪ್ಪಿದರು. ಹತ್ತೂ ಮುಕ್ಕಾಲಿನೊಳಗೆ ತಡವಾಗಿ ಮೂವರು ಬಂದರು, ಅವರ ಕಿಟ್ ಅವರಿಗಾಗಿ ಕಾದಿತ್ತು. ಉಳಿದ ಒಂದು 16ನೇ ಟೋಕನ್‌ಗೆ ಹೋಯಿತು, ಬಾಕಿ 125 ರೂಪಾಯಿ ತಗೊಂಡು.

ಅನ್ನ ಸಾರು ಅಂದೆನಲ್ಲ, ಅದರಲ್ಲೂ ಒಂದು ವಿಷಯ ಇದೆ. ಹತ್ತೂವರೆಗೇ ಅಡುಗೆ ಭಟ್ಟರಿಗೆ ‘ಇನ್ನೂ ಹನ್ನೆರಡು ಎಲೆ’ ಅಂದರೆ ಅವರು ಗಾಬರಿಯಾಗಲ್ಲ. ಅನ್ನ, ಸಾರು, ಮಜ್ಜಿಗೆ ಹಿಗ್ಗುತ್ತವೆ. ಹೋಳಿಗೆ, ವಡೆ ಹಿಗ್ಗಲ್ಲ, ಅವು ಎಣಿಸಿ ಮಾಡಿದ್ದು. ಒಂದು ಗಂಟೆಗೆ ಪಂಕ್ತಿ ಕೂತಮೇಲೆ ಹೇಳಿದರೆ ಅನ್ನವೂ ಹಿಗ್ಗಲ್ಲ! ಅದಕ್ಕೇ ಎರಡು ಬಣ್ಣದ ಊಟದ ಚೀಟಿ. ಕಿಟ್ ಪಡೆದ ನೂರು ಜನಕ್ಕೆ ಹೋಳಿಗೆ ಇರೋ ಹಳದಿ ಚೀಟಿ, ಉಳಿದ 11 ಜನಕ್ಕೆ ಬಿಳಿ. ಬಡಿಸುವ ಹುಡುಗರು ಯಾರ ಮುಖವನ್ನೂ ನೋಡಬೇಕಿಲ್ಲ.

ದುಡ್ಡಿಗೂ ಬೇರೆ ರಸೀದಿ ಪುಸ್ತಕವೇ ಇರಲಿ. ಅವತ್ತು ಸ್ಥಳದಲ್ಲಿ ಬರಬೇಕಿದ್ದದ್ದು 16 ಜನರಿಂದ 3200, 11 ಜನರಿಂದ 825, ಒಟ್ಟು 4025 ರೂಪಾಯಿ. ನಗದು ಮತ್ತು ಯುಪಿಐ ಎರಡನ್ನೂ ಕೂಡಿಸಿ ರಸೀದಿಗೆ ತಾಳೆ ನೋಡೋಕೆ ಸಂಜೆ ಐದು ನಿಮಿಷ ಸಾಕಾಯ್ತು. ಹಳೇ ಪುಸ್ತಕದಲ್ಲೇ ಬೆರೆಸಿದ್ದರೆ ರಾತ್ರಿ ಹನ್ನೊಂದಾದರೂ ಜಗಳ ಮುಗೀತಿರಲಿಲ್ಲ.

ಇಷ್ಟೆಲ್ಲಾ ಕೆಡೋದು ಎಲ್ಲಿ ಗೊತ್ತಾ? ‘ಇವರು ನಮ್ಮವರು’ ಅನ್ನೋ ಒಂದು ಮಾತಲ್ಲಿ. ಸಮಿತಿಯವರೊಬ್ಬರು ಪರಿಚಯದವರನ್ನು ಹೆಗಲ ಮೇಲೆ ಕೈ ಹಾಕಿ ಪಕ್ಕದ ಬಾಗಿಲಿಂದ ಕರಕೊಂಡು ಬರ್ತಾರೆ. ಅಲ್ಲಿಗೆ ಟೋಕನ್‌ಗೆ ಬೆಲೆ ಹೋಯ್ತು. ಬಂದಿರೋ ಮೂರನೇ ನಂಬರಿನವರು ಅದನ್ನು ನೋಡ್ತಾ ಇರ್ತಾರೆ. ಅತಿಥಿಗಳಿಗೆ ಜಾಗ ಬೇಕಿದ್ದರೆ ಹಿಂದಿನ ದಿನವೇ ಅವರ ಹೆಸರು ಪಟ್ಟಿಗೆ ಸೇರಲಿ. ಬೆಳಿಗ್ಗೆ ಬಂದರೆ ಅಧ್ಯಕ್ಷರ ಭಾವಮೈದನಿಗೂ ಟೋಕನ್ನೇ.

‘ಹೀಗೆ ಬಿಟ್ಟರೆ ಮುಂದಿನ ಸಲ ಯಾರೂ ಮೊದಲೇ ಹೆಸರು ಕೊಡಲ್ಲ’ ಅಂತ ವಾದ ಮಾಡೋರಿದ್ದಾರೆ. ಎಲ್ಲರಿಗೂ ಒಂದೇ ಥರ ಕೊಟ್ಟರೆ ಆ ಮಾತು ನಿಜ. ಆದರೆ ಇಲ್ಲಿ ಮೊದಲೇ ಬಂದ ಹೆಸರಿಗೆ ಕಿಟ್, ಹೋಳಿಗೆ ಗ್ಯಾರಂಟಿ. ಬಾಗಿಲಿಗೆ ಬಂದವರಿಗೆ ಅರ್ಧ ಗಂಟೆ ಕಾಯೋದು ಮಾತ್ರ ಗ್ಯಾರಂಟಿ. ಬಿಳಿ ಚೀಟಿ ಹಿಡಿದು ಊಟ ಮಾಡಿದವರು ಮುಂದಿನ ಸಲ ಮೊದಲೇ ಹೆಸರು ಕೊಡ್ತಾರೆ, ನೋಡಿ ಬೇಕಾದರೆ.

ಇದು ಎಲ್ಲ ಕಡೆ ನಡೆಯಲ್ಲ ಅನ್ನೋದೂ ನಿಜ. ಅರಣ್ಯ ಇಲಾಖೆ ಇಂತಿಷ್ಟು ಜನಕ್ಕೆ ಅಂತ ಮೊದಲೇ ಅನುಮತಿ ಕೊಟ್ಟಿರೋ ಚಾರಣಕ್ಕೆ ಬೆಳಿಗ್ಗೆ ಒಬ್ಬರನ್ನೂ ಸೇರಿಸೋ ಹಾಗಿಲ್ಲ. ಒಬ್ಬರಿಗೊಂದು ಕಂಪ್ಯೂಟರ್ ಬೇಕಾದ ತರಗತಿಯಲ್ಲಿ ಕುರ್ಚಿ ಖಾಲಿ ಇದ್ದು ಪ್ರಯೋಜನ ಇಲ್ಲ. ಸಭಾಂಗಣದ ಓಡಾಡೋ ದಾರಿಗೆ ಕುರ್ಚಿ ಹಾಕಿ ಜನ ತುಂಬಿಸೋದಂತೂ ಬೇಡವೇ ಬೇಡ. ಅಲ್ಲೆಲ್ಲಾ ಬಾಗಿಲಲ್ಲೇ, ಮೊದಲ ನಿಮಿಷದಲ್ಲೇ ‘ಇಲ್ಲ’ ಅನ್ನೋದು ಒಳ್ಳೇದು. ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಆಮೇಲೆ ಇಲ್ಲ ಅನ್ನೋದಿದೆಯಲ್ಲ, ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಹಾಗೇ, ಮುಂದಿನ ಆಮಂತ್ರಣ ಅಚ್ಚಿಗೆ ಕೊಡೋ ಮುಂಚೆ ಆ ಕೊನೆ ಸಾಲನ್ನು ಒಮ್ಮೆ ಓದಿ. ಸರ್ವರಿಗೂ ಕುರ್ಚಿ ಇಲ್ಲದಿದ್ದರೆ ‘ಸರ್ವರಿಗೂ ಸ್ವಾಗತ’ ಯಾಕೆ? ನೀವೇನಂತೀರಿ?