ತೊಗರಿ ತಾಂಡೂರಿಗೋ, ಊರ ವ್ಯಾಪಾರಿಗೋ?



ರಾಶಿ ಮುಗಿದೊಡನೆ ಮನೂರು ಕಡೆಯ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ತಾಂಡೂರಿನಲ್ಲಿ ಕ್ವಿಂಟಲಿಗೆ ಐನೂರು ಹೆಚ್ಚಂತೆ, ಗಾಡಿ ಮಾಡೋಣವೇ?" ಐನೂರು ಹೆಚ್ಚು ಎಂಬುದು ನಿಜವೇ ಇರಬಹುದು. ಆದರೆ ನಾವು ನೋಡಬೇಕಾದದ್ದು ಅಲ್ಲಿಯ ದರವನ್ನಲ್ಲ, ಮನೆಗೆ ಬಂದು ಸೇರುವ ಹಣವನ್ನು.

ಲೆಕ್ಕಕ್ಕಾಗಿ ಆರು ಕ್ವಿಂಟಲ್ ತೊಗರಿ ಇದೆಯೆಂದು ಇಟ್ಟುಕೊಳ್ಳೋಣ. ಊರ ವ್ಯಾಪಾರಿ ಕ್ವಿಂಟಲಿಗೆ 7,000 ರೂಪಾಯಿ ಕೊಡುತ್ತಾನೆ, ಆದರೆ ತೂಕದಲ್ಲಿ ಎರಡು ಕಿಲೋ ಕಳೆಯುತ್ತಾನೆ. ಹಾಗಾಗಿ ಕ್ವಿಂಟಲಿಗೆ ನಿಜವಾಗಿ ಸಿಗುವುದು 6,860, ಒಟ್ಟು 41,160 ರೂಪಾಯಿ. ತಾಂಡೂರಿನಲ್ಲಿ 7,500ರಂತೆ 45,000 ಬರುತ್ತದೆ. ಇದರಲ್ಲಿ ಗಾಡಿ ಬಾಡಿಗೆ 3,000, ಹನ್ನೆರಡು ಚೀಲಗಳ ಹಮಾಲಿಗೆ 360, ಊಟ ಮತ್ತು ನಮ್ಮ ಒಂದು ದಿನದ ಕೂಲಿ 640 ಕಳೆಯಿರಿ. ಉಳಿಯುವುದು 41,000. ಅಷ್ಟು ದೂರ ಹೋಗಿ 160 ರೂಪಾಯಿ ನಷ್ಟ!

ಗಾಡಿಯ ಬಾಡಿಗೆ ಆರು ಕ್ವಿಂಟಲಿಗೂ ಹನ್ನೆರಡಕ್ಕೂ ಒಂದೇ ಆಗಿರುವುದೇ ಇದಕ್ಕೆ ಕಾರಣ. ನೆರೆಯವರು ಇನ್ನು ಆರು ಕ್ವಿಂಟಲ್ ಸೇರಿಸಿ ಬಾಡಿಗೆ ಹಂಚಿಕೊಂಡರೆ, ನಮ್ಮ ಕೈಗೆ 42,500 ಬರುತ್ತದೆ. ಊರಿನ ಬೆಲೆಗಿಂತ 1,340 ರೂಪಾಯಿ ಲಾಭ.

ಆದರೆ ಈ ಲಾಭ ಕರಗುವುದು ಸುಲಭ. ಕಾಳು ಹಸಿಯಾಗಿದೆ, ಕಸ ಹೆಚ್ಚಿದೆ ಎಂದು ಅಲ್ಲಿ ಕ್ವಿಂಟಲಿಗೆ 200 ಇಳಿಸಿದರೆ 1,200 ಹೋಯಿತು. ಬಾಡಿಗೆ ಕೊಟ್ಟು ಬಂದವನು ಚೀಲ ಮತ್ತೆ ಹೊತ್ತು ತರಲಾರನೆಂದು ಕೊಳ್ಳುವವರಿಗೂ ಗೊತ್ತು. ಸರಕಾರಿ ಖರೀದಿಯಲ್ಲಿಯೂ ತೊಗರಿಯ ತೇವಾಂಶ 12 ಶೇಕಡ ಮೀರಬಾರದು. ಆದ್ದರಿಂದ ಮೊದಲು ಚೆನ್ನಾಗಿ ಒಣಗಿಸಿ, ಜರಡಿ ಹಿಡಿಯಿರಿ. ಹಲ್ಲಿಗೆ ಹಾಕಿದರೆ ಕಾಳು ಟಕ್ಕನೆ ಒಡೆಯಬೇಕು. ಮೆತ್ತಗೆ ಅಮುಕಿದರೆ ಇನ್ನೂ ಬಿಸಿಲು ಬೇಕು.

ಇನ್ನೊಂದು ಮಾತು. ಮಾರುಕಟ್ಟೆ ವರದಿಯ ಗರಿಷ್ಠ ದರ ಒಂದೆರಡು ಒಳ್ಳೆಯ ರಾಶಿಗೆ ಸಿಕ್ಕದ್ದಿರಬಹುದು. ಹೆಚ್ಚಿನ ಮಾಲು ಮಾರಿದ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆತಿದೆ, ನಿಜ. ಆದರೆ ಅದು ಆ ಸೀಮೆಯಲ್ಲಿ ಬೆಳೆದ ತೊಗರಿಗೆ; ನಮ್ಮ ಚೀಲ ಅಲ್ಲಿಗೆ ಹೋದ ಮಾತ್ರಕ್ಕೆ ಆ ಹೆಸರು ಬರುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಎರಡೂ ಕಡೆ ಕ್ವಿಂಟಲಿಗೆ ನಿಜವಾಗಿ ಸಿಗುವ ಹಣದ ಅಂತರವನ್ನು ಮೊದಲು ತೆಗೆಯಿರಿ. ಮೇಲಿನ ಲೆಕ್ಕದಲ್ಲಿ ಹಮಾಲಿ ಕಳೆದು ಅದು 580. ಬಾಡಿಗೆ ಮತ್ತು ದಿನದ ಖರ್ಚು 3,640ನ್ನು ಅದರಿಂದ ಭಾಗಿಸಿದರೆ ಸುಮಾರು ಆರೂಕಾಲು ಬರುತ್ತದೆ. ಅದಕ್ಕಿಂತ ಕಡಿಮೆ ಮಾಲಿದ್ದವರು ಒಂಟಿಯಾಗಿ ಗಾಡಿ ಹೂಡದೆ, ಜೊತೆಗಾರರನ್ನು ಹುಡುಕಲಿ. ಸಿಗದಿದ್ದರೆ ಊರಲ್ಲೇ ಮಾರಲಿ. ಅಲ್ಲಿಯೂ ಕಣ್ಣೆದುರಿಗೇ ತೂಗಿಸಿ, ಆ ಎರಡು ಕಿಲೋ ಬಗ್ಗೆ ಮೊದಲೇ ಮಾತಾಡಿಕೊಳ್ಳಲಿ. ಅದನ್ನು ಬಿಡಿಸಿಕೊಂಡರೂ ಕ್ವಿಂಟಲಿಗೆ 140 ರೂಪಾಯಿ ಉಳಿಯುತ್ತದೆ.