"2,000 ಮಕ್ಕಳನ್ನು ತಲುಪುತ್ತೇವೆ" ಅಂತ ಬರೆಯೋದು ನಿಲ್ಲಿಸಿ

1/6
ಎನ್‌ಜಿಒಗೆ ಅನುದಾನ ಕೇಳೋ ಡೆಕ್ ಅಂದ್ರೆ ನಮ್ಮ ಬ್ಯಾಚಿನವರಿಗೆ ಈಗ ಬಾಯಿಪಾಠ. ಮೊದಲು ಅಗತ್ಯ, ಆಮೇಲೆ ಚಟುವಟಿಕೆ, ಆಮೇಲೆ ಬಜೆಟ್, ಕೊನೆಗೆ ಫಲಿತಾಂಶ. ಹನ್ನೆರಡು ಸ್ಲೈಡ್, ನಗುವ ಮಗುವಿನ ಫೋಟೋ, ಥ್ಯಾಂಕ್ ಯೂ.

ನನ್ನ ತಕರಾರು ಇರೋದು ಆ ಫಲಿತಾಂಶದ ಸ್ಲೈಡ್ ಮೇಲೆ. ಅಲ್ಲಿ "2,000 ಮಕ್ಕಳನ್ನು ತಲುಪುತ್ತೇವೆ" ಅಂತ ದಪ್ಪಕ್ಷರದಲ್ಲಿ ಇರತ್ತೆ. ಸರಿ, ತಲುಪಿದ್ರಿ. ಆಮೇಲೆ? ಆ ಸಂಖ್ಯೆ ನಾವು ಏನು ಹಂಚಿದ್ವಿ, ಎಷ್ಟು ಸಲ ಹೋದ್ವಿ ಅನ್ನೋದನ್ನ ಹೇಳತ್ತೆ. ಮಗುವಿಗೆ ಏನು ಬದಲಾಯ್ತು ಅಂತ ಹೇಳಲ್ಲ. ಇದಕ್ಕೆ ಫಲಿತಾಂಶ ಅಂತ ಹೆಸರಿಡೋದು, ಅಡುಗೆ ಆಯ್ತು ಅಂತ ಹೇಳೋಕೆ ಒಲೆ ಹಚ್ಚಿದ ಫೋಟೋ ತೋರಿಸಿದ ಹಾಗೆ.

ಒಂದು ಉದಾಹರಣೆ ಹಿಡಿದು ಪೂರ್ತಿ ಲೆಕ್ಕ ಮಾಡೋಣ. ಒಂದು ತಾಲ್ಲೂಕು, 10 ಸರ್ಕಾರಿ ಶಾಲೆ, 4 ಮತ್ತು 5ನೇ ತರಗತಿಯ ಮಕ್ಕಳಿಗೆ ಕನ್ನಡ ಓದು ಕಲಿಸೋ ಕಾರ್ಯಕ್ರಮ. ಸಂಖ್ಯೆಗಳು ಲೆಕ್ಕಕ್ಕೋಸ್ಕರ ನಾನು ಹಾಕಿದ್ದು.

2/6
ಮೊದಲು ಅಗತ್ಯದ ಸ್ಲೈಡ್. ಎಲ್ಲರೂ ಅಸರ್ ವರದಿಯ ಒಂದು ಅಂಕಿ ಎತ್ಕೊಂಡು ಅಂಟಿಸ್ತಾರೆ: 2022ರಲ್ಲಿ ಗ್ರಾಮೀಣ ಭಾರತದ 5ನೇ ತರಗತಿ ಮಕ್ಕಳಲ್ಲಿ 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲವರು ಶೇ. 42.8. ಅಂಕಿ ನಿಜ. ಆದರೆ ಅದು ದೇಶದ ಅಗತ್ಯ, ನಿಮ್ಮ 10 ಶಾಲೆಗಳದ್ದಲ್ಲ. ಅಸರ್‌ನವರು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸ್ಕೊಂಡು ಮನೆಯಲ್ಲೇ ಮಕ್ಕಳನ್ನ ಓದಿಸ್ತಾರೆ. ಒಂದೊಂದು ಶಾಲೆ ಹೇಗಿದೆ ಅಂತ ಹೇಳೋಕೆ ಆ ಸಮೀಕ್ಷೆ ಮಾಡಿದ್ದೇ ಅಲ್ಲ.

ಆದರೆ ಅವರ ಓದಿನ ಪರೀಕ್ಷೆಯ ಹಾಳೆ ಕನ್ನಡದಲ್ಲೂ ಇದೆ. ಅಕ್ಷರ, ಪದ, 1ನೇ ತರಗತಿಯ ಪ್ಯಾರಾ, 2ನೇ ತರಗತಿಯ ಕಥೆ, ಇಷ್ಟೇ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಮುಖ್ಯ ಶಿಕ್ಷಕರ ಒಪ್ಪಿಗೆ ತಗೊಂಡು ಹತ್ತು ಶಾಲೆಗೂ ಹೋಗಿ ಒಬ್ಬೊಬ್ಬರನ್ನೇ ಓದಿಸಿ. 300 ಮಕ್ಕಳಲ್ಲಿ 120 ಮಂದಿಗೆ ಆ ಕಥೆ ಓದೋಕೆ ಬರಲಿಲ್ಲ ಅಂತಿಟ್ಕೊಳ್ಳಿ. ಈಗ ಅಗತ್ಯದ ಸ್ಲೈಡ್‌ನಲ್ಲಿ 120 ಅಂತ ಬರೀರಿ. ಆ 120 ಮಕ್ಕಳ ಪಟ್ಟಿ ನಿಮ್ಮ ಹತ್ರ ಇದೆ. ಮುಂದಿನ ಎಲ್ಲ ಲೆಕ್ಕ ಈ ಪಟ್ಟಿ ಮೇಲೇ ನಿಲ್ಲತ್ತೆ.

3/6
ಚಟುವಟಿಕೆ. ಶಾಲೆಗೆ ಸರಾಸರಿ 12 ಮಕ್ಕಳು. ತರಗತಿ ಬಿಟ್ಟು ಓದಿನ ಮಟ್ಟ ನೋಡಿ ಗುಂಪು ಮಾಡಿ ದಿನಕ್ಕೆ ಒಂದು ಗಂಟೆ ಪಾಠ. ಒಬ್ಬ ಬೋಧಕಿ ದಿನಕ್ಕೆ ಎರಡು ಶಾಲೆ ನೋಡ್ಕೊಂಡ್ರೆ ಐದು ಜನ ಬೇಕು. ಹತ್ತು ತಿಂಗಳು.

ಗೌರವಧನ ತಿಂಗಳಿಗೆ 12,000, ಐವರಿಗೆ ವರ್ಷಕ್ಕೆ 6 ಲಕ್ಷ. ಮೇಲ್ವಿಚಾರಕರು ಒಬ್ಬರು, 2.5 ಲಕ್ಷ. ಬಸ್ಸು, ಪೆಟ್ರೋಲು, ಪುಸ್ತಕ, ತರಬೇತಿ, ಪರೀಕ್ಷೆ, ಲೆಕ್ಕಪರಿಶೋಧನೆ ಎಲ್ಲ ಸೇರಿ ಇನ್ನೊಂದು 2.5 ಲಕ್ಷ. ಒಟ್ಟು 11 ಲಕ್ಷ. ಒಂದು ಮಗುವಿಗೆ 9,167 ರೂಪಾಯಿ.

ಈ ಅಂಕಿ ನೋಡಿದ್ ತಕ್ಷಣ ಗ್ರೂಪಲ್ಲಿ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ಅಯ್ಯೋ ಜಾಸ್ತಿ ಆಯ್ತು ಕಣೋ, ಅದೇ ದುಡ್ಡಲ್ಲಿ 550 ರೂಪಾಯಿ ಬ್ಯಾಗು 2,000 ಮಕ್ಕಳಿಗೆ ಕೊಡಬಹುದು." ಹೌದು, ಕೊಡಬಹುದು. 550 × 2,000 ಅಂದ್ರೂ ಅದೇ 11 ಲಕ್ಷ. ಬ್ಯಾಗು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದರೆ ಓದು ಬರದ ಮಗುವಿನ ಅಂಕಿ ತೋರಿಸಿ ದುಡ್ಡು ಕೇಳಿ ಬ್ಯಾಗು ಕೊಟ್ರೆ, ಮೊದಲ ಸ್ಲೈಡಿಗೂ ಕೊನೆಯ ಸ್ಲೈಡಿಗೂ ಸಂಬಂಧ ಕಡಿದುಹೋಯ್ತು. "ತಲುಪಿದ ಮಕ್ಕಳು" ಅನ್ನೋ ಅಳತೆ ಇಟ್ಕೊಂಡ್ರೆ ಯಾವಾಗಲೂ ಬ್ಯಾಗೇ ಗೆಲ್ಲತ್ತೆ, ಬೋಧಕಿ ಸೋಲ್ತಾಳೆ.

4/6
ಸೋಲೋದು ಮಾತ್ರ ಅಲ್ಲ, ಡೆಕ್‌ನಿಂದ ಮಾಯವೇ ಆಗ್ತಾಳೆ. ಸಂಬಳ ಜಾಸ್ತಿ ಕಂಡ್ರೆ ದಾನಿಗಳು ಓಡಿಹೋಗ್ತಾರೆ ಅನ್ನೋ ಭಯಕ್ಕೆ ಗೌರವಧನವನ್ನ "ಕಲಿಕಾ ಸಾಮಗ್ರಿ" ಒಳಗೆ ತುರುಕೋದು, ಮೇಲ್ವಿಚಾರಕರನ್ನ "ಸ್ವಯಂಸೇವಕರು" ಅನ್ನೋದು. "ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ 5% ಮಾತ್ರ" ಅಂತ ಸೀನಿಯರ್‌ಗಳು ಹೇಳಿದ್ದನ್ನ ಎಲ್ಲರೂ ಕಣ್ಮುಚ್ಚಿ ನಂಬಿದ್ದಾರೆ.

ನಿಯಮ ಓದಿ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಅಡಿಯ ಸಿಎಸ್‌ಆರ್ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ಬಂತು. ಆ 5% ಮಿತಿ ಇರೋದು ಕಂಪನಿಗೆ: ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಕಂಪನಿ ಮಾಡೋ ಸಾಮಾನ್ಯ ಆಡಳಿತದ ಖರ್ಚಿಗೆ. ಒಂದು ಯೋಜನೆಯನ್ನ ರೂಪಿಸೋಕೆ, ನಡೆಸೋಕೆ, ಉಸ್ತುವಾರಿ ಮಾಡೋಕೆ, ಮೌಲ್ಯಮಾಪನಕ್ಕೆ ನೇರವಾಗಿ ಆಗೋ ಖರ್ಚು ಅದರಲ್ಲಿ ಸೇರಲ್ಲ ಅಂತ ನಿಯಮವೇ ಹೇಳತ್ತೆ. ಪಾಠ ಮಾಡೋ ಬೋಧಕಿಯ ಗೌರವಧನ ಯೋಜನೆಯ ಖರ್ಚು. (ವಿದೇಶಿ ದೇಣಿಗೆಯ ಕಥೆ ಬೇರೆ. ಅಲ್ಲಿ ಎಫ್‌ಸಿಆರ್‌ಎ ಪ್ರಕಾರ ಸಂಸ್ಥೆಯ ಆಡಳಿತ ವೆಚ್ಚಕ್ಕೆ 2020ರಿಂದ 20% ಮಿತಿ ಇದೆ. ಎರಡನ್ನೂ ಕಲಸಬೇಡಿ.)

ನಮ್ಮ ಬಜೆಟ್‌ನಲ್ಲಿ 11ಕ್ಕೆ 8.5 ಲಕ್ಷ ಮನುಷ್ಯರಿಗೇ ಹೋಗತ್ತೆ. ಓದು ಕಲಿಸೋರು ಮನುಷ್ಯರೇ ತಾನೆ? ಅದನ್ನ ಮುಚ್ಚಿಟ್ರೆ ಮುಂದಿನ ವರ್ಷ ಲೆಕ್ಕಪರಿಶೋಧಕರು ಸಾಮಗ್ರಿಯ ಬಿಲ್ ಕೇಳ್ತಾರೆ, ನಿಮ್ಮ ಹತ್ರ ಇರೋದು ಸಂಬಳದ ವೋಚರ್.

5/6
ಈಗ ಅಳತೆ. ಗುರಿ: ವರ್ಷದ ಕೊನೆಗೆ 120ರಲ್ಲಿ 72 ಮಕ್ಕಳು 2ನೇ ತರಗತಿಯ ಕಥೆ ಓದಬೇಕು. ಶೇ. 60.

ಇಲ್ಲೇ ಕಳ್ಳದಾರಿಗಳಿರೋದು. ಸುಗ್ಗಿ ಬಂದಾಗ ಕಬ್ಬು ಕಡಿಯೋಕೆ ಅಪ್ಪ ಅಮ್ಮನ ಜೊತೆ ಗುಳೆ ಹೋದ ಮಕ್ಕಳು 18 ಅಂತಿಟ್ಕೊಳ್ಳಿ. ಕೊನೆಯ ಪರೀಕ್ಷೆಗೆ ಸಿಕ್ಕಿದ್ದು 102. ಅದರಲ್ಲಿ 72 ಮಂದಿ ಓದಿದ್ರು. 72ನ್ನ 102ರಿಂದ ಭಾಗಿಸಿದ್ರೆ ಶೇ. 71, ಡೆಕ್ ಮಿಂಚತ್ತೆ. ಆದರೆ ಹೋದ ಹದಿನೆಂಟು ಮಕ್ಕಳಿಗೇ ನಿಮ್ಮ ಅಗತ್ಯ ಎಲ್ಲರಿಗಿಂತ ಜಾಸ್ತಿ ಇತ್ತೇನೋ! ಛೇದದಲ್ಲಿ 120ನ್ನೇ ಇಡಿ, ಪಕ್ಕದಲ್ಲಿ "18 ಮಕ್ಕಳು ಗುಳೆ" ಅಂತ ಬರೀರಿ.

ಇನ್ನೊಂದು, ಪಾಠ ಮಾಡಿದವರೇ ಪರೀಕ್ಷೆ ಮಾಡಿದ್ರೆ ಕೈ ಸಡಿಲ ಆಗೋದು ಸಹಜ. ಎರಡು ಕಡೆ ತಡವರಿಸಿದ ಮಗುವನ್ನೂ "ಓದ್ತಾನೆ ಬಿಡಿ" ಅಂತ ಬರ್ಕೊಳ್ತಾರೆ. ಬೋಧಕಿಯರನ್ನ ಬೇರೆ ಶಾಲೆಗೆ ಪರೀಕ್ಷೆ ಮಾಡೋಕೆ ಕಳಿಸಿ, ಕಥೆಯ ಹಾಳೆಯನ್ನೂ ಬದಲಿಸಿ.

6/6
ಕೊನೇ ಪ್ರಶ್ನೆ, ದಾನಿ ಕೇಳೋ ಮೊದಲು ನೀವೇ ಕೇಳ್ಕೊಳ್ಳಬೇಕಾದ್ದು: ನೀವಿಲ್ಲದಿದ್ರೂ ಕೆಲವು ಮಕ್ಕಳು ಕಲಿತಿರ್ತಿದ್ರು ಅಲ್ವಾ? ಶಾಲೆಯಲ್ಲಿ ಮೇಷ್ಟ್ರು ಸುಮ್ನೆ ಕೂತಿರಲ್ಲ. ಮುಂದಿನ ವರ್ಷ ಶುರು ಮಾಡಬೇಕು ಅಂತಿರೋ ಹತ್ತು ಶಾಲೆಗಳಲ್ಲೂ ಅದೇ ಪರೀಕ್ಷೆ, ಅದೇ ತಿಂಗಳುಗಳಲ್ಲಿ ಮಾಡಿ. ಅಲ್ಲಿ ಓದು ಬರದ 120 ಮಕ್ಕಳಲ್ಲಿ 20 ಮಂದಿ ತಾವೇ ಕಲಿತಿದ್ರೆ, ನಿಮ್ಮ ಪಾಲಿಗೆ ಬರೋದು ಅಂದಾಜು 52. ಆಗ ಹೆಚ್ಚುವರಿಯಾಗಿ ಓದು ಕಲಿತ ಒಂದು ಮಗುವಿಗೆ ಸುಮಾರು 21,150 ರೂಪಾಯಿ. ಎರಡು ಕಡೆಯ ಶಾಲೆಗಳು ಪೂರ್ತಿ ಒಂದೇ ಥರ ಇರಲ್ಲ, ಅದಕ್ಕೇ "ಅಂದಾಜು" ಅನ್ನೋ ಪದ ಅಳಿಸಬೇಡಿ.

ದೊಡ್ಡ ಸಂಖ್ಯೆ ಇಲ್ಲದಿದ್ರೆ ದುಡ್ಡು ಬರಲ್ಲ ಅಂತೀರಾ? ಕೆಲವರು ಕೊಡಲ್ಲ, ನಿಜ. ಆದರೆ 2,000 ಅಂತ ಬರೆದು ದುಡ್ಡು ತಗೊಂಡವರು ಮುಂದಿನ ವರ್ಷ 4,000 ಅಂತ ಬರೀಬೇಕಾಗತ್ತೆ, ಅದೇ ಐದು ಜನ ಬೋಧಕಿಯರ ತಲೆ ಮೇಲೆ.

ನನ್ನ ಪ್ರಕಾರ ಫಲಿತಾಂಶದ ಸ್ಲೈಡ್ ಇಷ್ಟಿದ್ರೆ ಸಾಕು: "ಕಥೆ ಓದಲು ಬಾರದ 120 ಮಕ್ಕಳಲ್ಲಿ 72 ಮಕ್ಕಳು ಮಾರ್ಚ್ ಒಳಗೆ ಓದುತ್ತಾರೆ. ಪರೀಕ್ಷೆ ಮೂರು ಸಲ, ಬೇರೆ ಶಾಲೆಯ ಬೋಧಕಿಯರಿಂದ. ಊರು ಬಿಟ್ಟ ಮಕ್ಕಳನ್ನೂ ಲೆಕ್ಕದಲ್ಲಿ ಇಟ್ಟಿದ್ದೇವೆ." ಜಾಗ ಉಳಿದ್ರೆ ನಗುವ ಮಗುವಿನ ಫೋಟೋ ಹಾಕ್ಕೊಳ್ಳಿ, ಅದರ ಅಪ್ಪ ಅಮ್ಮನ್ನ ಕೇಳಿ.